ಸೇಬಿನ ಮೇಣ ಬೇರೆ, ಔಷಧಿ ಬೇರೆ: ಹಣ್ಣು ತರಕಾರಿ ತೊಳೆಯುವ ಬಗೆ

ವಾಟ್ಸ್‌ಆ್ಯಪ್‌ನಲ್ಲಿ ಬಂದ ವಿಡಿಯೊ ನೋಡಿ ನಮ್ಮತ್ತೆ ಒಂದು ದಿನ ಸೇಬಿನ ಮೇಲೆ ಕುದಿಯುವ ನೀರು ಸುರಿದರು. ಕೆಂಪಗೆ ಹೊಳೆಯುತ್ತಿದ್ದ ಹಣ್ಣು ನೋಡನೋಡುತ್ತಲೇ ಮಂಕಾಗಿ, ಮೈಮೇಲೆ ಬಿಳಿ ಪೊರೆ ಎದ್ದಿತು. ‘ನೋಡಿದ್ಯೇನಮ್ಮ, ಎಷ್ಟು ವಿಷ ಬಳಿದಿದಾರೆ’ ಅಂದರು. ಚಾಕುವಿನ ಬೆನ್ನಿನಿಂದ ಕೆರೆದರೆ ಮೇಣದ ಬತ್ತಿಯ ಸಿಪ್ಪೆಯಂಥ ಸಣ್ಣ ಸುರುಳಿಗಳು ಬಂದವು. ವಿಷವೆಲ್ಲ ಹೋಯಿತು ಅಂತ ಹಣ್ಣು ಹೆಚ್ಚಿದರೆ, ಸಿಪ್ಪೆಯ ಕೆಳಗಿನ ತಿರುಳು ಬೆಂದು ಕಂದಾಗಿತ್ತು. ಮಕ್ಕಳು ಮುಟ್ಟಲಿಲ್ಲ.

ಅತ್ತೆ ಕೆರೆದು ತೆಗೆದದ್ದು ಮೇಣವನ್ನು. ತೋಟದಲ್ಲಿ ಹೊಡೆದ ಔಷಧಿ ಸಾಮಾನ್ಯವಾಗಿ ಕಣ್ಣಿಗೆ ಕಾಣುವಂಥದ್ದಲ್ಲ. ಈ ಎರಡನ್ನೂ ಒಂದೇ ಅಂದುಕೊಳ್ಳುವುದರಿಂದ ಬಿಸಿನೀರು, ಉಪ್ಪು, ಅರಿಶಿನ, ವಿನಿಗರ್ ಎಲ್ಲವೂ ಒಂದೇ ಬೋಗುಣಿಗೆ ಬೀಳುತ್ತವೆ.

ಮೊದಲು ಮೇಣದ ಮಾತು

ಸೇಬಿಗೆ ತನ್ನದೇ ಮೇಣ ಇರುತ್ತದೆ. ಕೊಯ್ದ ಮೇಲೆ ಪ್ಯಾಕ್ ಮಾಡುವ ಕಡೆ ತೊಳೆಯುವಾಗ ಅದರಲ್ಲಿ ಒಂದಿಷ್ಟು ಹೋಗಿಬಿಡುತ್ತದೆ. ಹಾಗೇ ಬಿಟ್ಟರೆ ಹಣ್ಣಿನ ನೀರು ಆರಿ ಸುಕ್ಕುಗಟ್ಟುತ್ತದೆ. ಅದಕ್ಕೆ ಮೇಲಿಂದ ತೆಳುವಾಗಿ ಇನ್ನೊಂದು ಮೇಣ ಸವರುತ್ತಾರೆ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಜೇನುಮೇಣ, ಕಾರ್ನೌಬಾ ಎಂಬ ತಾಳೆಜಾತಿಯ ಮರದ ಎಲೆಯ ಮೇಣ ಮತ್ತು ಅರಗಿನಿಂದ ತಯಾರಾದ ಶೆಲಾಕ್, ಇವನ್ನು ಬಳಸಲು ಬಿಟ್ಟಿದೆ, ಲೇಬಲ್ಲಿನಲ್ಲಿ ಹೇಳಿರಬೇಕು. ಇವು ಹೊಟ್ಟೆಯಲ್ಲಿ ಅರಗದೆ ಹಾಗೇ ಹೊರಗೆ ಹೋಗುತ್ತವೆ. ಮನೆಯಲ್ಲಿ ಕೆರೆದು ನೋಡಿ ಇದು ಯಾವ ಮೇಣ ಎಂದು ಹೇಳಲು ಬರುವುದಿಲ್ಲ, ಆದ್ದರಿಂದ ತೆಗೆದೇ ತಿನ್ನುತ್ತೇವೆ ಅನ್ನುವವರ ಮಾತಿನಲ್ಲಿ ತಪ್ಪೇನಿಲ್ಲ. ಇನ್ನೊಂದು ಕಾರಣವೂ ಇದೆ: ಮೇಣದ ಅಡಿಯಲ್ಲಿ ಔಷಧಿ ಸಿಕ್ಕಿಕೊಂಡಿದ್ದರೆ ಬರೀ ನೀರು ಅದನ್ನು ಮುಟ್ಟುವುದಿಲ್ಲ.

ಜೇನುಮೇಣ ಕರಗುವುದು ಸುಮಾರು 62 ಡಿಗ್ರಿಯಲ್ಲಿ, ಕಾರ್ನೌಬಾ 82ರ ಮೇಲೆ. ಅಷ್ಟು ಬಿಸಿಗೆ ಹಣ್ಣು ಬೇಯುತ್ತದೆ, ನಮ್ಮತ್ತೆಯ ಸೇಬಿಗೆ ಆದದ್ದೂ ಅದೇ. ಹಾಗಾಗಿ ಕರಗಿಸುವ ಯೋಚನೆ ಬಿಟ್ಟು ಉಜ್ಜಿ ತೆಗೆಯಬೇಕು. ಕೈ ತಡೆಯುವಷ್ಟು ಬೆಚ್ಚಗಿನ ನೀರಿನಲ್ಲಿ ಹಣ್ಣನ್ನು ಒಂದೆರಡು ನಿಮಿಷ ಇಟ್ಟರೆ ಮೇಣ ಸ್ವಲ್ಪ ಮೆದುವಾಗುತ್ತದೆ. ಒದ್ದೆ ಬಟ್ಟೆಯ ಮೇಲೆ ಚಿಟಿಕೆ ಅಡುಗೆ ಸೋಡಾ ಹಾಕಿಕೊಂಡು ಸುತ್ತಲೂ ತಿಕ್ಕಿ. ತೊಟ್ಟಿನ ಗುಳಿ ಮತ್ತು ಬುಡದ ಗುಳಿಗೆ ಹಳೆಯದಲ್ಲದ ಮೆತ್ತನೆಯ ಹಲ್ಲುಜ್ಜುವ ಬ್ರಷ್ ಸರಿ. ಆಮೇಲೆ ನಲ್ಲಿಯ ಕೆಳಗೆ ತೊಳೆದು, ಒಣಬಟ್ಟೆಯಿಂದ ಒತ್ತಿ ಒರೆಸಿ. ಅರ್ಧ ಕೆಲಸ ಈ ಒರೆಸುವುದರಲ್ಲೇ ಇದೆ. ಮೇಣ ಪೂರ್ತಿ ಹೋಗುವುದಿಲ್ಲ, ಬಹುಪಾಲು ಹೋಗುತ್ತದೆ. ತೊಳೆದ ಸೇಬಿನ ಮೇಲೆ ನೀರು ಮುತ್ತಿನಂತೆ ಉರುಳುತ್ತಿದ್ದರೆ ಇನ್ನೂ ಇದೆ ಎಂದೇ ಲೆಕ್ಕ.

ಒಂದು ಎಚ್ಚರಿಕೆ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ತೊಳೆದು ಹಾಗೇ ಆರಲು ಬಿಟ್ಟರೂ ಬಿಳಿ ಕಲೆ ಕೂರುತ್ತದೆ. ಅದರ ಮೇಲೊಂದು ಹನಿ ನಿಂಬೆರಸ ಬಿಡಿ. ನೀರಿನ ಸುಣ್ಣದ ಕಲೆಯಾದರೆ ಮಾಯವಾಗುತ್ತದೆ, ಮೇಣ ಜಗ್ಗುವುದಿಲ್ಲ. ದ್ರಾಕ್ಷಿಯ ಮೇಲಿನ ಬೂದಿಯಂಥ ತೆಳು ಪೊರೆ ಇವೆರಡೂ ಅಲ್ಲ, ಅದು ಹಣ್ಣೇ ಹುಟ್ಟಿಸಿಕೊಂಡ ಮೇಣ. ಬೆರಳು ಸವರಿದರೆ ಗೆರೆ ಬೀಳುತ್ತದೆ. ಎಲ್ಲಾ ಹಣ್ಣಿನ ಮೇಲೂ ಸಮನಾಗಿ ಹರಡಿರುವ ಅಂಥ ಪೊರೆ ಇದ್ದರೆ ದ್ರಾಕ್ಷಿಯನ್ನು ಹೆಚ್ಚು ಕೈಯಾಡಿಸಿಲ್ಲ ಅಂತ ಅರ್ಥ. ಔಷಧಿಯದೋ ಧೂಳಿನದೋ ಕಲೆಯಾದರೆ ಚುಕ್ಕೆ ಚುಕ್ಕೆಯಾಗಿ, ಹನಿ ಒಣಗಿದ ಗುರುತಿನಂತೆ ಇರುತ್ತದೆ.

ಔಷಧಿಗೆ ಸೋಡಾ: ಎಷ್ಟು, ಎಷ್ಟು ಹೊತ್ತು

ಮನೆಮದ್ದಿನ ಪಟ್ಟಿಯಲ್ಲಿ ಅಡುಗೆ ಸೋಡಾ ಒಂದಕ್ಕೆ ಗಟ್ಟಿ ಆಧಾರವಿದೆ. 2017ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಗಾಲಾ ತಳಿಯ ಸೇಬಿಗೆ ಎರಡು ಔಷಧಿ ಲೇಪಿಸಿ ಒಂದು ದಿನ ಬಿಟ್ಟರು. ಒಂದು ಥಯಾಬೆಂಡಜೋಲ್, ಶಿಲೀಂಧ್ರಕ್ಕೆ ಹೊಡೆಯುವುದು. ಇನ್ನೊಂದು ಫಾಸ್ಮೆಟ್, ಕೀಟಕ್ಕೆ. ಆಮೇಲೆ ಬರೀ ನೀರು, ಬ್ಲೀಚ್ ನೀರು, ಸೋಡಾ ನೀರು ಮೂರರಲ್ಲೂ ತೊಳೆದು ನೋಡಿದರು. ಸೋಡಾ ನೀರು ಗೆದ್ದಿತು. ಮೇಲ್ಮೈಯ ಥಯಾಬೆಂಡಜೋಲ್ ಪೂರ್ತಿ ಹೋಗಲು 12 ನಿಮಿಷ, ಫಾಸ್ಮೆಟ್‌ಗೆ 15 ನಿಮಿಷ ಬೇಕಾಯಿತು. ಫಾಸ್ಮೆಟ್‌ನಂಥ ಔಷಧಿಗಳು ಕ್ಷಾರದಲ್ಲಿ ಒಡೆದುಹೋಗುತ್ತವೆ, ಸೋಡಾದ ಗುಟ್ಟು ಅಲ್ಲಿದೆ. ಎರಡು ನಿಮಿಷ ಅದ್ದಿ ತೆಗೆದರೆ ಆ ಕೆಲಸಕ್ಕೆ ಹೊತ್ತು ಸಾಲದು.

ಅವರು ಬಳಸಿದ್ದು ಲೀಟರ್ ನೀರಿಗೆ 10 ಗ್ರಾಂ ಸೋಡಾ. ಅಂದರೆ ಅಳತೆಯ ಟೀ ಚಮಚದಲ್ಲಿ ತಲೆ ಸವರಿದ ಎರಡು ಚಮಚ. ಮೂರು ಲೀಟರಿನ ಬೋಗುಣಿಗೆ ಆರು ಚಮಚ ಬೇಕು. ಒಂದು ಚಿಟಿಕೆ ಉದುರಿಸಿ ‘ಸೋಡಾ ಹಾಕಿದ್ದೀನಿ’ ಅಂದರೆ ಲೆಕ್ಕಕ್ಕಿಲ್ಲ. ಅಡುಗೆ ಸೋಡಾವೇ ಆಗಬೇಕು: ಬಟ್ಟೆ ಒಗೆಯುವ ಸೋಡಾ ಬೇಡ, ಬೇಕಿಂಗ್ ಪೌಡರ್ ಕೂಡ ಬೇಡ, ಅದರಲ್ಲಿ ಹುಳಿ ಬೆರೆತಿರುತ್ತದೆ. ಸೋಡಾ ನೀರಿಗೆ ನಿಂಬೆಯನ್ನೋ ವಿನಿಗರನ್ನೋ ಹಿಂಡುವುದು ನಾನು ಅನೇಕ ಮನೆಗಳಲ್ಲಿ ನೋಡಿದ ತಪ್ಪು. ನೊರೆ ಬುಸ್ಸೆಂದು ಉಕ್ಕುತ್ತದೆ, ನೋಡಲು ಚೆಂದ. ಎರಡೂ ಒಂದನ್ನೊಂದು ಕೊಂದುಕೊಂಡು ಉಳಿಯುವುದು ಹೆಚ್ಚುಕಮ್ಮಿ ಉಪ್ಪುನೀರಿನಂಥದ್ದು.

ಆ ಸಂಶೋಧನೆಯಲ್ಲೇ ಇನ್ನೊಂದು ಮಾತಿದೆ, ಹಂಚಿಕೆಯಾಗುವ ವಿಡಿಯೊಗಳಲ್ಲಿ ಅದು ಇರುವುದಿಲ್ಲ. ಒಂದೇ ದಿನದಲ್ಲಿ ಥಯಾಬೆಂಡಜೋಲ್‌ನ ಶೇ 20ರಷ್ಟು, ಫಾಸ್ಮೆಟ್‌ನ ಶೇ 4.4ರಷ್ಟು ಸಿಪ್ಪೆಯೊಳಗೆ ಇಳಿದಿತ್ತು. ಥಯಾಬೆಂಡಜೋಲ್ ಇಳಿದ ಆಳ 80 ಮೈಕ್ರಾನ್, ಒಂದು ತಲೆಗೂದಲಿನ ದಪ್ಪ. ಅಷ್ಟು ಒಳಗೆ ಹೋದದ್ದನ್ನು ಸೋಡಾವೂ ತೆಗೆಯಲಿಲ್ಲ. ಚಿಕ್ಕ ಮಗುವಿಗೆ ಕೊಡುವ ಸೇಬಾದರೆ ತೊಳೆದ ಮೇಲೆ ಸಿಪ್ಪೆಯನ್ನೂ ತೆಗೆಯಿರಿ, ನಾರಿನಂಶ ಸ್ವಲ್ಪ ಹೋದರೂ ಸರಿ.

ದ್ರಾಕ್ಷಿ ಒಂದು ಕಿಲೊ, ಹೆಜ್ಜೆ ಹೆಜ್ಜೆಯಾಗಿ

ಸೇಬಿಗಿಂತ ದ್ರಾಕ್ಷಿ ಕಷ್ಟ. ಸಿಪ್ಪೆ ತೆಗೆಯುವಂತಿಲ್ಲ, ಹಣ್ಣು ಹಣ್ಣಿನ ನಡುವೆ ಬ್ರಷ್ ಹೋಗುವುದಿಲ್ಲ. ನಾನು ಮಾಡುವುದು ಹೀಗೆ.

ಮೊದಲು ಇಡೀ ಗೊಂಚಲನ್ನು ಕತ್ತರಿಯಿಂದ ಎಂಟು ಹತ್ತು ಹಣ್ಣಿನ ಸಣ್ಣ ಗೊಂಚಲುಗಳಾಗಿ ಬಿಡಿಸಿ, ತೊಟ್ಟು ಹಾಗೇ ಇರಲಿ. ತೊಟ್ಟು ಕಿತ್ತರೆ ಆ ತೂತಿನಿಂದ ಕೊಳೆ ನೀರು ಒಳಗೆ ಇಳಿಯುತ್ತದೆ. ಒಡೆದ ಹಣ್ಣು, ಕೊಳೆತ ಹಣ್ಣು ಆಗಲೇ ಆರಿಸಿ ತೆಗೆಯಿರಿ.

ಎರಡನೆಯದು, ಹರಿಯುವ ನೀರಿನ ಕೆಳಗೆ ಜರಡಿಯಲ್ಲಿಟ್ಟು ಅರ್ಧ ನಿಮಿಷ ಕೈಯಾಡಿಸಿ ತೊಳೆಯಿರಿ. ಇದನ್ನು ಬಿಡಬೇಡಿ. ಅಮೆರಿಕದ ಕನೆಕ್ಟಿಕಟ್ ಕೃಷಿ ಪ್ರಯೋಗ ಕೇಂದ್ರ 12 ಔಷಧಿಗಳ ಮೇಲೆ ನಡೆಸಿ 2000ದಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಬರೀ ನಲ್ಲಿ ನೀರಿನಿಂದಲೇ ಒಂಬತ್ತು ಔಷಧಿಗಳ ಶೇಷ ಕಡಿಮೆಯಾಗಿತ್ತು. ನೀರಿನಲ್ಲಿ ಕರಗುವ ಔಷಧಿ ಮಾತ್ರ ಹೋಯಿತು ಎಂದೇನೂ ಅಲ್ಲ, ಧೂಳು ಕೂತಂತೆ ಮೇಲೆ ಕೂತಿದ್ದದ್ದು ನೀರಿನ ಹೊಡೆತಕ್ಕೆ ಕಳಚಿಕೊಂಡಿತ್ತು. ಜಗ್ಗದೆ ಉಳಿದ ಮೂರರಲ್ಲಿ ನಮ್ಮ ಕಡೆ ರೈತರೂ ಬಲ್ಲ ಕ್ಲೋರ್‌ಪೈರಿಫಾಸ್ ಒಂದು. ಅದೇ ಕೇಂದ್ರ ಅಂಗಡಿಯಲ್ಲಿ ಮಾರುವ ಹಣ್ಣು ತೊಳೆಯುವ ದ್ರಾವಣಗಳನ್ನೂ ಪರೀಕ್ಷಿಸಿ, ಅವು ನೀರಿಗಿಂತ ಹೆಚ್ಚೇನೂ ಮಾಡಲಿಲ್ಲ ಎಂದು ಹೇಳಿತ್ತು. ಬಾಟಲಿಗೆ ಕೊಡುವ ದುಡ್ಡಿನಲ್ಲಿ ಇನ್ನೊಂದು ಕಿಲೊ ದ್ರಾಕ್ಷಿ ಬರುತ್ತದೆ.

ಮೂರನೆಯದು, ಎರಡು ಲೀಟರ್ ನೀರಿಗೆ ನಾಲ್ಕು ಚಮಚ ಸೋಡಾ ಕದಡಿ, ಪೂರ್ತಿ ಕರಗಿದ ಮೇಲೆ ದ್ರಾಕ್ಷಿ ಮುಳುಗಿಸಿ. 15 ನಿಮಿಷ ಬಿಡಿ. ನಡುವೆ ಮೂರ್ನಾಲ್ಕು ಸಲ ಅಕ್ಕಿ ತೊಳೆಯುವಂತೆ ಕೈಯಾಡಿಸಿ.

ಕೊನೆಗೆ ದ್ರಾಕ್ಷಿಯನ್ನು ಕೈಯಿಂದ ಎತ್ತಿ ಜರಡಿಗೆ ಹಾಕಿ. ಬೋಗುಣಿಯನ್ನೇ ಜರಡಿಗೆ ಬಗ್ಗಿಸಿದರೆ ತಳದಲ್ಲಿ ಕೂತ ಮಣ್ಣೆಲ್ಲ ಮತ್ತೆ ಹಣ್ಣಿನ ಮೇಲೇ ಸುರಿಯುತ್ತದೆ. ಹೊಸ ನೀರಿನಲ್ಲಿ ಎರಡು ಸಲ ತೊಳೆದು, ಒಂದು ಹಣ್ಣು ಬಾಯಿಗೆ ಹಾಕಿ ನೋಡಿ. ಸೋಡಾದ ಸಪ್ಪೆ ಜಾರು ರುಚಿ ಇದ್ದರೆ ಇನ್ನೊಂದು ಸಲ ತೊಳೆಯಿರಿ.

ಇಷ್ಟೆಲ್ಲ ಮಾಡಿದರೂ ದ್ರಾಕ್ಷಿಯಲ್ಲಿ ಉಳಿಯುವುದು ಉಳಿಯುತ್ತದೆ. 2010ರಲ್ಲಿ ಭಾರತದ ದ್ರಾಕ್ಷಿಯನ್ನು ಯುರೋಪ್ ತಿರಸ್ಕರಿಸಿದ್ದು ಕ್ಲೋರ್‌ಮೆಕ್ವಾಟ್ ಎಂಬ ಬೆಳವಣಿಗೆ ನಿಯಂತ್ರಕದ ಶೇಷಕ್ಕಾಗಿ. ಅದು ನೀರಿನಲ್ಲಿ ಚೆನ್ನಾಗಿಯೇ ಕರಗುತ್ತದೆ, ಆದರೆ ಗಿಡ ಅದನ್ನು ಒಳಗೆಳೆದುಕೊಂಡಿರುತ್ತದೆ. ಗಿಡದ ರಸದ ಜೊತೆ ಓಡಾಡುವ ಇಂಥ ಔಷಧಿಗಳಿಗೆ ಯಾವ ಬೋಗುಣಿಯೂ ಮದ್ದಲ್ಲ. ಹೊಡೆದ ಮೇಲೆ ಕೊಯ್ಲಿಗೆ ಎಷ್ಟು ದಿನ ಕಾಯಬೇಕು ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ, ಅದನ್ನು ಬೆಳೆಗಾರರು ಪಾಲಿಸಿರಬೇಕು, ಅಷ್ಟೇ.

ಉಪ್ಪು, ಹುಣಸೆ, ಬ್ಲೀಚ್

ಹೂಕೋಸನ್ನು ಉಪ್ಪುನೀರಿಗೆ ಹಾಕಿದರೆ ಹುಳ ಮೇಲೆ ತೇಲುತ್ತದೆ. ಅದಕ್ಕೆ ಉಪ್ಪು ಒಳ್ಳೆಯದು. ಹುಳ ಬಂತು ಅಂದರೆ ಔಷಧಿಯೂ ಬಂತು ಅಂದುಕೊಳ್ಳಬಾರದು. ಔಷಧಿ ಸ್ವಲ್ಪ ಕಡಿಮೆಯಾಗುತ್ತದೆ, ಅದರಲ್ಲಿ ಉಪ್ಪಿನ ಪಾಲೆಷ್ಟೋ ಕೈಯಾಡಿಸಿದ್ದರ ಪಾಲೂ ಅಷ್ಟೇ. ಕರಿಬೇವು, ಕೊತ್ತಂಬರಿ, ಪುದೀನಕ್ಕೆ ಕೇರಳ ಕೃಷಿ ವಿಶ್ವವಿದ್ಯಾಲಯದವರು ಹೇಳುವುದು ಹುಣಸೆ ನೀರು: ಲೀಟರಿಗೆ 20 ಗ್ರಾಂ, ಅಂದರೆ ಸಣ್ಣ ನಿಂಬೆ ಗಾತ್ರದ ಹುಣಸೆ ಕಿವುಚಿ ಸೋಸಿದ ನೀರಿನಲ್ಲಿ 15 ನಿಮಿಷ ನೆನೆಸಿ, ಆಮೇಲೆ ಎರಡು ಮೂರು ನೀರಿನಲ್ಲಿ ತೊಳೆಯುವುದು. ಸಾರಿಗೆ ಕಿವುಚುವ ಹುಣಸೆಯೇ ಆದ್ದರಿಂದ ಅಡುಗೆಮನೆಗೆ ಹೊಸದೇನಲ್ಲ. ಕೋಸಿನ ಮೇಲಿನ ಎರಡು ಮೂರು ಎಲೆ ಕಿತ್ತೆಸೆಯಿರಿ, ಬೀನ್ಸನ್ನು ತೊಳೆದ ಮೇಲೆ ಹೆಚ್ಚಿ.

ಬ್ಲೀಚ್ ಬೇಡವೇ ಬೇಡ. ಕ್ಲೋರಿನ್ ನೀರು ರೋಗಾಣುಗಳನ್ನು ಕೊಲ್ಲಲು ಸರಿ, ಆದರೆ ಕ್ಲೋರ್‌ಪೈರಿಫಾಸ್‌ನಂಥ ಔಷಧಿ ಅದರ ಜೊತೆ ಸೇರಿ ಮೂಲಕ್ಕಿಂತ ಹೆಚ್ಚು ವಿಷವಾದ ಇನ್ನೊಂದು ರೂಪಕ್ಕೆ ತಿರುಗುತ್ತದೆ. ಪಾತ್ರೆ ತೊಳೆಯುವ ಸೋಪೂ ಬೇಡ, ಅದು ಹಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ಉಳಿದುಬಿಡುತ್ತದೆ.

ತೊಳೆಯುವುದು ತಿನ್ನುವ ಹೊತ್ತಿಗೆ. ಮೊನ್ನೆ ಸಂತೆಯಿಂದ ತಂದ ಎರಡು ಕಿಲೊ ಸೇಬನ್ನು ಒಟ್ಟಿಗೇ ತಿಕ್ಕಿ ಮೇಣ ತೆಗೆದು ಫ್ರಿಜ್ಜಿನಲ್ಲಿ ಜೋಡಿಸಿದ್ದೆ. ವಾರ ಕಳೆಯುವುದರಲ್ಲಿ ಅವೆಲ್ಲ ಮುದುಡಿ, ಸಿಪ್ಪೆ ನಮ್ಮತ್ತೆಯ ಕೈಯ ಚರ್ಮದಂತೆ ಮಡಿಕೆ ಮಡಿಕೆಯಾಗಿತ್ತು. ತೊಳೆಯದೆ ಮರೆತು ಮೂಲೆಯಲ್ಲಿ ಉಳಿದಿದ್ದ ಒಂದೇ ಒಂದು ಮಾತ್ರ ತಂದ ದಿನದ ಹಾಗೇ ಹೊಳೆಯುತ್ತಿತ್ತು.