ಅಗ್ಗದ ವಾಷರ್ ಬಂದಿಳಿದಾಗ ಯಾವ ಸುಂಕ ಕೇಳಬೇಕು?

ಪೀಣ್ಯ ಎರಡನೇ ಹಂತದಲ್ಲಿ ಪರಿಚಯದವರೊಬ್ಬರ ಪ್ರೆಸ್ ಶಾಪ್ ಇದೆ. ಉಕ್ಕಿನ ಶೀಟ್ ಒಂದು ಕಡೆಯಿಂದ ಒಳಗೆ ಹೋಗುತ್ತದೆ, ಡೈ ಬಡಿಯುತ್ತದೆ, ವಾಷರ್ ಕೆಳಗಿನ ಟ್ರೇಗೆ ಉದುರುತ್ತದೆ. ಮೊನ್ನೆ ಹೋದಾಗ ಅವರು ಮೇಜಿನ ಮೇಲೆ ಎರಡು ವಾಷರ್ ಇಟ್ಟರು. ಒಂದು ಅವರದು, ಇನ್ನೊಂದು ಹೊರದೇಶದ್ದು. ನನ್ನ ಕಣ್ಣಿಗಂತೂ ಎರಡೂ ಒಂದೇ.

"ಸಾರ್, ನನ್ನ ಖರ್ಚಿಗಿಂತ ಕಮ್ಮಿಗೆ ಮಾರ್ತಿದಾರೆ. ಇದು ಡಂಪಿಂಗ್ ಅಲ್ವಾ?"

ಎಲ್ಲರೂ ಎಡವುವುದು ಇಲ್ಲೇ. ಡಂಪಿಂಗ್ ಇದೆಯಾ ಎಂದು ನೋಡುವಾಗ ಪೀಣ್ಯದ ಬೆಲೆ ಲೆಕ್ಕಕ್ಕೇ ಬರುವುದಿಲ್ಲ. ಆ ತಯಾರಕ ತನ್ನ ದೇಶದಲ್ಲಿ ಎಷ್ಟಕ್ಕೆ ಮಾರುತ್ತಾನೆ, ನಮಗೆ ಎಷ್ಟಕ್ಕೆ ಕಳಿಸುತ್ತಾನೆ, ಹೋಲಿಕೆ ಇವೆರಡರ ನಡುವೆ. ಅವನು ಅಲ್ಲೂ ಅಷ್ಟೇ ಅಗ್ಗಕ್ಕೆ, ನಷ್ಟವಿಲ್ಲದೆ ಮಾರುತ್ತಿದ್ದರೆ ಅದು ಡಂಪಿಂಗ್ ಅಲ್ಲ. ಅವನ ಕೆಲಸ ನಮಗಿಂತ ಚುರುಕು, ಅಷ್ಟೇ.

ವಿಶ್ವ ವ್ಯಾಪಾರ ಸಂಸ್ಥೆಯ ನಿಯಮಗಳಲ್ಲಿ ಇಂಥ ಹೊತ್ತಿಗೆ ತಟ್ಟಬಹುದಾದ ಬಾಗಿಲು ಮೂರು. ಕಂಪನಿ ಬೆಲೆಯಲ್ಲಿ ಆಟವಾಡಿದರೆ ಆ್ಯಂಟಿ ಡಂಪಿಂಗ್ ಸುಂಕ. ಅದರ ಸರ್ಕಾರ ಹಿಂದಿನಿಂದ ದುಡ್ಡು ತುಂಬಿದರೆ ಕೌಂಟರ್‌ವೇಲಿಂಗ್ ಸುಂಕ. ಯಾರದೂ ತಪ್ಪಿಲ್ಲ, ಆದರೂ ಆಮದು ಪ್ರವಾಹದಂತೆ ಬಂತು ಅಂದರೆ ಸೇಫ್‌ಗಾರ್ಡ್. ಮೊದಲ ಎರಡರ ಬೇರು ಗ್ಯಾಟ್ ಒಪ್ಪಂದದ 6ನೇ ವಿಧಿಯಲ್ಲಿದೆ, ಮೂರನೆಯದರದು 19ನೇ ವಿಧಿಯಲ್ಲಿ. ನಮ್ಮಲ್ಲಿ ಮೂರಕ್ಕೂ ಅರ್ಜಿ ಹೋಗುವುದು ದೆಹಲಿಯ ಡಿಜಿಟಿಆರ್‌ಗೆ. ಅದು ವಾಣಿಜ್ಯ ಸಚಿವಾಲಯದ ಕೆಳಗಿರುವ ತನಿಖಾ ಕಚೇರಿ. ಶಿಫಾರಸು ಅದರದು, ಸುಂಕ ಹಾಕುವುದು ಹಣಕಾಸು ಸಚಿವಾಲಯ.

ಮೊದಲು ಎರಡು ಬೆಲೆಗಳನ್ನು ಕಾರ್ಖಾನೆಯ ಬಾಗಿಲಿಗೆ ತನ್ನಿ

ಲೆಕ್ಕ ಮಾಡಿ ನೋಡೋಣ. ಅಂಕಿಗಳು ಉದಾಹರಣೆಗೆಂದು ನಾನೇ ಹಾಕಿಕೊಂಡಿದ್ದು. ಆ ತಯಾರಕ ತನ್ನೂರಲ್ಲಿ ಕಿಲೋ ವಾಷರನ್ನು 130 ರೂಪಾಯಿಗೆ ಮಾರುತ್ತಾನೆ. ಅದರಲ್ಲಿ ಲಾರಿ ಬಾಡಿಗೆ, ಡೀಲರ್ ಖರ್ಚು 5 ರೂಪಾಯಿ. ಅದನ್ನು ಕಳೆದರೆ ಕಾರ್ಖಾನೆ ಬಾಗಿಲಿನ ಬೆಲೆ 125. ಅದೇ ವಾಷರ್ ನಮ್ಮ ಬಂದರಿಗೆ 110 ರೂಪಾಯಿಗೆ ಬಂದಿಳಿಯುತ್ತದೆ. ಹಡಗಿನ ಬಾಡಿಗೆ ಮತ್ತು ವಿಮೆ 6, ಅವನ ಊರಿಂದ ಬಂದರಿಗೆ ಸಾಗಣೆ ಮತ್ತು ಕಮಿಷನ್ 4. ಕಳೆದರೆ 100.

ಇಷ್ಟು ಕಳೆದ ಮೇಲೆ ಮಾತ್ರ ಹೋಲಿಸಬೇಕು. ವ್ಯತ್ಯಾಸ 25 ರೂಪಾಯಿ. ರಫ್ತು ಬೆಲೆಗೆ ಹೋಲಿಸಿದರೆ ಶೇ 25. ಡಂಪಿಂಗ್ ಮಾರ್ಜಿನ್ ಅಂದರೆ ಇದೇ. ಇದು ಶೇ 2ಕ್ಕಿಂತ ಕಡಿಮೆ ಬಂದರೆ ಕೇಸು ಅಲ್ಲಿಗೇ ಮುಗಿಯುತ್ತದೆ.

ಮಾರ್ಜಿನ್ ಸಿಕ್ಕರೆ ಸಾಲದು. ಇಲ್ಲಿನ ಉದ್ಯಮಕ್ಕೆ ಪೆಟ್ಟು ಬಿದ್ದಿರಬೇಕು, ಅದು ಬಿದ್ದದ್ದು ಈ ಆಮದಿನಿಂದಲೇ ಎಂದು ತೋರಿಸಬೇಕು. ಅದೇ ವರ್ಷ ನಿಮ್ಮ ದೊಡ್ಡ ಗಿರಾಕಿ ಬಾಗಿಲು ಹಾಕಿದ್ದರೆ ಆ ನಷ್ಟವನ್ನು ವಾಷರ್ ತಲೆಗೆ ಕಟ್ಟುವಂತಿಲ್ಲ.

25 ರೂಪಾಯಿ ಪೂರ್ತಿ ಸಿಗುತ್ತದಾ?

ಸಿಗದೇ ಇರಬಹುದು. ಭಾರತ ಲೆಸ್ಸರ್ ಡ್ಯೂಟಿ ನಿಯಮ ಅನುಸರಿಸುತ್ತದೆ, ಅಂದರೆ ಪೆಟ್ಟು ಸರಿಪಡಿಸಲು ಕಡಿಮೆ ಸುಂಕ ಸಾಕಾದರೆ ಅಷ್ಟೇ ಹಾಕುತ್ತದೆ. ಇಲ್ಲಿನ ತಯಾರಕನಿಗೆ ಪೆಟ್ಟಾಗದ ನ್ಯಾಯವಾದ ಬೆಲೆ ಎಷ್ಟು ಎಂದು ಡಿಜಿಟಿಆರ್ ಲೆಕ್ಕ ಹಾಕುತ್ತದೆ. ಅದು 137 ಅಂದುಕೊಳ್ಳಿ. ಆಮದಾದ ವಾಷರ್ ಮಾಮೂಲಿ ಕಸ್ಟಮ್ಸ್ ಸುಂಕ ಸೇರಿ 122 ಆಗುತ್ತದೆ. ಅಂತರ 15. ಡಂಪಿಂಗ್ 25 ಇದ್ದರೂ ಸುಂಕ ಬೀಳುವುದು 15 ರೂಪಾಯಿ ಮಾತ್ರ. ಇದನ್ನು ಹೇಳಿದಾಗ ನಮ್ಮ ಮಾಲೀಕರ ಮುಖ ಸ್ವಲ್ಪ ಸಪ್ಪೆಯಾಯಿತು.

ಹಿಂದೆ ಸರ್ಕಾರದ ಕೈ ಇದ್ದರೆ

ಈಗ ಕೌಂಟರ್‌ವೇಲಿಂಗ್ ಸುಂಕಕ್ಕೆ ಬರೋಣ. ಇಲ್ಲಿ ಬೆಲೆ ಹೋಲಿಸುವ ಬದಲು ಸಬ್ಸಿಡಿ ಅಳೆಯುತ್ತಾರೆ. ಸರ್ಕಾರ ದುಡ್ಡು ಕೊಟ್ಟಿರಬೇಕು, ಅಥವಾ ಬರಬೇಕಾದ ತೆರಿಗೆ ಬಿಟ್ಟಿರಬೇಕು, ಅಥವಾ ಕರೆಂಟು, ಉಕ್ಕನ್ನು ಅಗ್ಗಕ್ಕೆ ಕೊಟ್ಟಿರಬೇಕು. ಅದರಿಂದ ಕಂಪನಿಗೆ ಲಾಭ ಆಗಿರಬೇಕು. ಜೊತೆಗೆ ಅದು ಕೆಲವು ಕಂಪನಿ ಅಥವಾ ಉದ್ಯಮಕ್ಕೆ ಮೀಸಲಾಗಿರಬೇಕು. ದೇಶದ ಎಲ್ಲ ಉದ್ಯಮಕ್ಕೂ ಒಂದೇ ಥರ ಸಿಗುವ ಸೌಲಭ್ಯ ಈ ಬಲೆಗೆ ಬೀಳುವುದಿಲ್ಲ. ಆದರೆ ರಫ್ತು ಮಾಡಿದರೆ ಮಾತ್ರ ಸಿಗುವ ಸಬ್ಸಿಡಿ ತಂತಾನೇ ಬೀಳುತ್ತದೆ. ಎದುರಿಗಿರುವುದು ಇನ್ನೊಂದು ಸರ್ಕಾರವಾದ್ದರಿಂದ ತನಿಖೆ ಶುರುವಾಗುವ ಮೊದಲೇ ಅದನ್ನು ಮಾತುಕತೆಗೆ ಕರೆಯಬೇಕು.

ಎರಡೂ ಸುಂಕ ಒಟ್ಟಿಗೆ ಕೇಳಬಹುದಾ? ಕೇಳಬಹುದು, ಆದರೆ ಒಂದೇ ತಪ್ಪಿಗೆ ಎರಡು ದಂಡ ಇಲ್ಲ. ರಫ್ತಾದ ಪ್ರತಿ ಕಿಲೋಗೆ ಅಲ್ಲಿನ ಸರ್ಕಾರ 8 ರೂಪಾಯಿ ಕೊಡುತ್ತಿದೆ ಅಂದುಕೊಳ್ಳಿ. ಆ ದುಡ್ಡು ರಫ್ತು ಬೆಲೆಯನ್ನು ಮಾತ್ರ ಇಳಿಸುತ್ತದೆ, ಅವನೂರಿನ ಬೆಲೆ ಹಾಗೇ ಇರುತ್ತದೆ. ಅಂದರೆ ಮೇಲೆ ಸಿಕ್ಕ 25ರ ಒಳಗೇ ಆ 8 ಅಡಗಿದೆ. ಲೆಸ್ಸರ್ ಡ್ಯೂಟಿಯ ಮಾತು ಸದ್ಯಕ್ಕೆ ಬದಿಗಿಟ್ಟರೆ, 8 ರೂಪಾಯಿ ಕೌಂಟರ್‌ವೇಲಿಂಗ್ ಹಾಕಿದಾಗ ಡಂಪಿಂಗ್ ಪಾಲು 17ಕ್ಕೆ ಇಳಿಯಬೇಕು. ಅದೇ 8 ರೂಪಾಯಿ ಅಗ್ಗದ ಕರೆಂಟಿನ ರೂಪದಲ್ಲಿ ಪ್ರತಿ ಕಿಲೋಗೂ ಸಿಕ್ಕರೆ ಮಾಲು ಎಲ್ಲಿ ಮಾರಾಟವಾದರೂ ಬೆಲೆ ಇಳಿದಿರುತ್ತದೆ. ಆಗ ಅಂತರ ಬದಲಾಗುವುದಿಲ್ಲ, ಕಳೆಯುವ ಪ್ರಶ್ನೆಯೂ ಸಾಮಾನ್ಯವಾಗಿ ಬರುವುದಿಲ್ಲ.

ಯಾರದೂ ತಪ್ಪಿಲ್ಲದಾಗ

ಸೇಫ್‌ಗಾರ್ಡ್‌ಗೆ ಮೋಸ ತೋರಿಸಬೇಕಿಲ್ಲ. ಬದಲಿಗೆ ಮೂರು ವಿಷಯ ಬೇಕು. ಮುಂಗಾಣದ ಬೆಳವಣಿಗೆ, ಆಮದಿನ ದಿಢೀರ್ ಏರಿಕೆ, ಉದ್ಯಮಕ್ಕೆ ಗಂಭೀರ ಪೆಟ್ಟು. ಉಳಿದೆರಡರಲ್ಲಿ ಕೇಳುವ ಪೆಟ್ಟಿಗಿಂತ ಇದರ ಅಳತೆ ಬಿಗಿ. ಸುಂಕ ಒಂದು ದೇಶದ ಮೇಲಲ್ಲ, ಎಲ್ಲ ದೇಶಗಳ ಮಾಲಿನ ಮೇಲೆ ಬೀಳುತ್ತದೆ. ಆಮದಿನಲ್ಲಿ ಶೇ 3ಕ್ಕಿಂತ ಜಾಸ್ತಿ ಪಾಲಿಲ್ಲದ ಬೆಳೆಯುತ್ತಿರುವ ದೇಶಗಳಿಗೆ ಮಾತ್ರ ವಿನಾಯಿತಿ, ಅದೂ ಅವೆಲ್ಲ ಸೇರಿ ಶೇ 9 ಮೀರದಿದ್ದರೆ. ಮೊದಲ ಅವಧಿ ಹೆಚ್ಚೆಂದರೆ 4 ವರ್ಷ, ಒಂದು ವರ್ಷ ದಾಟಿದರೆ ಸುಂಕ ಹಂತ ಹಂತವಾಗಿ ಇಳಿಯಬೇಕು. ಉಳಿದೆರಡು ಸುಂಕಗಳು 5 ವರ್ಷದವರೆಗೆ ಇರುತ್ತವೆ, ಮರುಪರಿಶೀಲನೆಯಲ್ಲಿ ಮುಂದುವರಿಯಲೂಬಹುದು.

ತಪ್ಪಿಲ್ಲದವರಿಗೆ ಬರೆ ಹಾಕಿದ್ದಕ್ಕೆ ಬೆಲೆಯೂ ಇದೆ. ಪೆಟ್ಟು ತಿಂದ ದೇಶ ಪರಿಹಾರ ಕೇಳಬಹುದು, ಸಿಗದಿದ್ದರೆ ಪ್ರತಿಸುಂಕ ಹಾಕಬಹುದು. ಅಮೆರಿಕ 2002ರಲ್ಲಿ ಉಕ್ಕಿಗೆ ಶೇ 30ರವರೆಗೆ ಸೇಫ್‌ಗಾರ್ಡ್ ಸುಂಕ ಹಾಕಿತ್ತು. 2003ರ ನವೆಂಬರ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಪೀಠದಲ್ಲಿ ಸೋತಿತು. ಯುರೋಪು ಪ್ರತಿಸುಂಕದ ಪಟ್ಟಿ ಹಿಡಿದು ಕಾಯುತ್ತಿತ್ತು. ಡಿಸೆಂಬರ್‌ನಲ್ಲೇ ಸುಂಕ ವಾಪಸಾಯಿತು.

ನಮ್ಮ ಮಾಲೀಕರಿಗೆ ಸೇಫ್‌ಗಾರ್ಡ್‌ನ ಇನ್ನೊಂದು ಮುಖ ಚೆನ್ನಾಗಿ ಗೊತ್ತು. 2025ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಕೆಲವು ಬಗೆಯ ಚಪ್ಪಟೆ ಉಕ್ಕಿಗೆ 200 ದಿನಗಳ ಮಟ್ಟಿಗೆ ಶೇ 12ರ ತಾತ್ಕಾಲಿಕ ಸೇಫ್‌ಗಾರ್ಡ್ ಸುಂಕ ಹಾಕಿತು. ಉಕ್ಕಿನ ಗಿರಣಿಗೆ ಅದು ರಕ್ಷಣೆ. ಶೀಟ್ ಕೊಳ್ಳುವ ಇವರಿಗೆ ಅದು ಖರ್ಚು. "ಶೀಟಿಗೆ ಸುಂಕ, ವಾಷರಿಗೆ ಇಲ್ಲ. ನಾನು ಮಧ್ಯದಲ್ಲಿ ಸಿಕ್ಕಿಹಾಕ್ಕೊಂಡೆ ಅಷ್ಟೇ," ಅಂದರು.

ಅರ್ಜಿ ಹಾಕುವ ಮುಂಚೆ ತಲೆ ಎಣಿಸಿ

ನಮ್ಮ ಲೆಕ್ಕದ ವಾಷರಿಗೆ ಹೊಂದುವುದು ಆ್ಯಂಟಿ ಡಂಪಿಂಗ್. ಎರಡು ಬೆಲೆಗಳಿಗೆ ಪುರಾವೆ ಹುಡುಕುವುದು ಇನ್ನೊಂದು ಸರ್ಕಾರದ ಕಡತ ಹುಡುಕುವುದಕ್ಕಿಂತ ಸುಲಭ. ಆದರೆ ಒಂದು ಶೆಡ್‌ನವರು ಹೋಗಿ ಕೇಳಿದರೆ ಕೇಸು ತೆರೆಯುವುದಿಲ್ಲ. ಅರ್ಜಿಯನ್ನು ಬೆಂಬಲಿಸುವವರು ದೇಶದ ಒಟ್ಟು ಉತ್ಪಾದನೆಯ ಶೇ 25ರಷ್ಟಾದರೂ ಇರಬೇಕು. ಪರ, ವಿರೋಧ ಹೇಳಿದವರ ಉತ್ಪಾದನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪರವಾಗಿರಬೇಕು. ಜೊತೆಗೆ ತನಿಖೆಯ ಅವಧಿಯದಲ್ಲದೆ ಅದರ ಹಿಂದಿನ ಮೂರು ವರ್ಷದ ಉತ್ಪಾದನೆ, ಮಾರಾಟ, ಖರ್ಚಿನ ಲೆಕ್ಕವೂ ಬೇಕು. ಸಣ್ಣ ಶೆಡ್‌ಗಳಲ್ಲಿ ಕಿಲೋವಾರು ಖರ್ಚು ಮಾಲೀಕರ ತಲೆಯಲ್ಲಿರುತ್ತದೆ, ಪುಸ್ತಕದಲ್ಲಿ ಇರುವುದಿಲ್ಲ. ಎಷ್ಟೋ ಅರ್ಜಿಗಳು ಕಾಲು ಮುರಿದುಕೊಳ್ಳುವುದು ಇಲ್ಲೇ ಅಂತ ನನ್ನ ಅನಿಸಿಕೆ.

ಮಾಲೀಕರು ಅಲ್ಲೇ ಬೆರಳು ಮಡಚಿ ಎಣಿಸಿದರು. ಅವರ ರಸ್ತೆಯಲ್ಲಿ ವಾಷರ್ ಮಾಡುವವರು ಆರು ಮಂದಿ. "ಅದರಲ್ಲಿ ಇಬ್ಬರು ಈಗ ಪ್ರೆಸ್ ನಿಲ್ಲಿಸಿ ಹೊರಗಿನ ಮಾಲು ತರಿಸಿ ಡಬ್ಬಿ ಬದಲಿಸಿ ಮಾರ್ತಾರೆ ಸಾರ್. ಅವರನ್ನೂ ಸೇರಿಸ್ಕೋಬಹುದಾ?"

ಅದೇ ಮಾಲನ್ನು ಆಮದು ಮಾಡುವವರನ್ನು ದೇಶಿ ಉದ್ಯಮದ ಲೆಕ್ಕದಿಂದ ಹೊರಗಿಡಲು ನಿಯಮದಲ್ಲಿ ಅವಕಾಶವಿದೆ. ಪ್ರೆಸ್ ನಿಲ್ಲಿಸಿದವರಂತೂ ತಯಾರಕರೇ ಅಲ್ಲ. ಮಾಲೀಕರು ಎರಡು ಬೆರಳು ಬಿಚ್ಚಿದರು.