ಎರಡು ಫೋಟೊ, ಒಂದೇ ಪ್ರಾಂಪ್ಟ್: ಅಜ್ಜಿಯನ್ನು ಇಕ್ಕೇರಿಯಲ್ಲಿ ನಿಲ್ಲಿಸಿದ ಬಗೆ

ವ್ಯಕ್ತಿಗೆ ಒಂದು ಫೋಟೊ, ಸ್ಥಳಕ್ಕೆ ಇನ್ನೊಂದು ಕೊಟ್ಟು ಎಐಯಿಂದ ಚಿತ್ರ ಮಾಡಿಸಿದರೆ ಅದು ಕತ್ತರಿಸಿ ಅಂಟಿಸಿದಂತೆಯೇ ಕಾಣುತ್ತದೆ ಎಂದು ಸಾಗರದ ಸ್ಟುಡಿಯೊ ಮಿತ್ರರು ಹೇಳುತ್ತಿದ್ದರು. ಹೆಚ್ಚು ದೂರ ನಡೆಯಲಾಗದ ಅಜ್ಜಿಯೊಬ್ಬರು ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಮುಂದೆ ನಿಂತ ಚಿತ್ರವನ್ನು ಮೊಮ್ಮಗನಿಗೆ ಮಾಡಿಕೊಟ್ಟ ಮೇಲೆ, ಅದೇ ಮಿತ್ರರು ಪ್ರಾಂಪ್ಟ್ ಕೇಳಲು ಬಂದರು.

ಅಜ್ಜಿಯ ಫೋಟೊ ಮನೆಯೊಳಗಿನದು. ಎಡಗಡೆಯ ಕಿಟಕಿಯ ಬೆಳಕು ಅರ್ಧ ಮುಖಕ್ಕೆ ಮಾತ್ರ ಬಿದ್ದಿತ್ತು. ದೇವಸ್ಥಾನದ ಫೋಟೊ ಮಳೆ ನಿಂತ ಮಧ್ಯಾಹ್ನದ್ದು. ಮೋಡದ ಬೆಳಕು ಎಲ್ಲ ಕಡೆಯೂ ಸಮನಾಗಿತ್ತು. 'ಮುಖವನ್ನು ಇದ್ದಂತೆಯೇ ಉಳಿಸು' ಎಂದು ಬರೆದಾಗಲೆಲ್ಲ ಮುಖದೊಂದಿಗೆ ಕಿಟಕಿಯ ನೆರಳೂ ಉಳಿದು, ಅಂಟಿಸಿದಂತೆಯೇ ಕಾಣುತ್ತಿತ್ತು. ಆ ಸಾಲನ್ನು ತೆಗೆದರೆ ಬೆಳಕು ಹೊಂದುತ್ತಿತ್ತು, ಆದರೆ ಅಜ್ಜಿ ಬೇರೆ ಯಾರೋ ಆಗುತ್ತಿದ್ದರು. ಈ ಹಗ್ಗಜಗ್ಗಾಟದಲ್ಲೇ ಸುಮಾರು 400 ರೂಪಾಯಿಯ ಕ್ರೆಡಿಟ್ ಕರಗಿತು.

ಎರಡು ಫೋಟೊಗಳು ಎಲ್ಲಿ ಪರಸ್ಪರ ಒಪ್ಪುವುದಿಲ್ಲವೋ ಅಲ್ಲಿ ಯಾವುದರ ಮಾತು ನಡೆಯಬೇಕೆಂದು ಹೇಳಿದಾಗ ಕೆಲಸ ಕೈಗೆ ಬಂತು: 'ಮೊದಲ ಚಿತ್ರದಿಂದ ಮುಖಲಕ್ಷಣ, ಸುಕ್ಕು, ಮೂಗುತಿ, ಸೀರೆಯ ಅಂಚು ಮಾತ್ರ ತೆಗೆದುಕೊ, ಅದರ ಹಿನ್ನೆಲೆಯನ್ನೂ ನೆರಳನ್ನೂ ಬಿಡು. ಎರಡನೆಯ ಚಿತ್ರದಿಂದ ಸ್ಥಳ, ಬೆಳಕು, ಬಣ್ಣದ ಛಾಯೆ, ಕ್ಯಾಮೆರಾದ ಎತ್ತರ ತೆಗೆದುಕೊ. ಆ ಮೋಡದ ಬೆಳಕೇ ಇವರ ಮುಖದ ಮೇಲೂ ಬೀಳಲಿ. ಒದ್ದೆ ಕಲ್ಲುಹಾಸಿನ ಮೇಲೆ ನಿಂತಿದ್ದಾರೆ. ಪಾದದ ಬುಡದಲ್ಲಿ ತೆಳುವಾದ ನೆರಳು, ಮಸುಕಾದ ಪ್ರತಿಬಿಂಬ ಇರಲಿ.' ಮುಖವನ್ನು ಮಾತಿನಲ್ಲಿ ವಿವರವಾಗಿ ವರ್ಣಿಸಲು ಹೋಗಬಾರದು. ವರ್ಣಿಸಿದಷ್ಟೂ ಎಐ ಫೋಟೊವನ್ನು ಬಿಟ್ಟು ಮಾತನ್ನೇ ನಂಬುತ್ತದೆ.

ಕ್ಯಾಮೆರಾದ ಎತ್ತರವನ್ನು ಮಾತ್ರ ಪ್ರಾಂಪ್ಟ್ ಪೂರ್ತಿ ಸರಿಪಡಿಸಲಾರದು. ನನ್ನ ಬಳಿಯಿದ್ದ ದೇವಸ್ಥಾನದ ಮೊದಲ ಫೋಟೊವನ್ನು ಕುಕ್ಕರುಗಾಲಿನಲ್ಲಿ ಕುಳಿತು ಮೇಲ್ಮುಖವಾಗಿ ತೆಗೆದಿದ್ದೆ. ಅದರಲ್ಲಿ ಅಜ್ಜಿ ಗಾಳಿಯಲ್ಲಿ ತೇಲುವಂತೆ ಕಾಣುತ್ತಿದ್ದರು. ಕಣ್ಣಿನ ಎತ್ತರದಿಂದ ತೆಗೆದ ಫೋಟೊದಲ್ಲಿ, ಸಮತಟ್ಟಾದ ನೆಲದ ಮೇಲೆ ನಿಂತವರು ಹತ್ತಿರವಿರಲಿ ದೂರವಿರಲಿ, ಅವರ ತಲೆಗಳೆಲ್ಲ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಬರುತ್ತವೆ. ಸ್ಥಳದ ಫೋಟೊ ಆರಿಸುವಾಗ ಈಗ ನಾನು ಮೊದಲು ನೋಡುವುದು ಅದನ್ನೇ.

ನಡುವೆ ಎರಡೂ ಫೋಟೊಗಳನ್ನು ಒಂದೇ ಹಾಳೆಯಲ್ಲಿ ಜೋಡಿಸಿ ಕೊಟ್ಟು ನೋಡಿದೆ. ಕಿಟಕಿಯ ಸರಳುಗಳು ನಂದಿ ಮಂಟಪದೊಳಗೆ ಬಂದು ಕುಳಿತವು. ಅಜ್ಜಿಯ ಹಿನ್ನೆಲೆಯನ್ನು ಅಳಿಸಿ ಬರಿಯ ಬೂದು ಬಣ್ಣ ತುಂಬಿ ಕೊಟ್ಟಾಗ ಆ ತೊಂದರೆ ನಿಂತಿತು. ಬೂದು ಯಾವ ಹದದ್ದು ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಫ್ರೇಮ್ ಸೇರಿ 1,500 ರೂಪಾಯಿಯಷ್ಟು ಸಿಕ್ಕಿತು. ದೇವಸ್ಥಾನ ಪೂರ್ತಿ ಕಾಣಬೇಕೆಂದು ಮೊಮ್ಮಗ ಹಠ ಹಿಡಿದಿದ್ದರು, ಆದರೆ ಅಷ್ಟು ದೂರಕ್ಕೆ ಹೋದರೆ ಮುಖ ಚಿಕ್ಕದಾಗಿ ಹೋಲಿಕೆ ತಪ್ಪುತ್ತಿತ್ತು. ಆದ್ದರಿಂದ ಶಿಖರವನ್ನು ಬಿಟ್ಟು, ಅಜ್ಜಿಯ ಹಿಂದೆ ಬಾಗಿಲು ಮತ್ತು ಗೋಡೆಯಷ್ಟನ್ನೇ ಉಳಿಸಿಕೊಟ್ಟೆ.