ನಲವತ್ತು ಮೀಟರ್ ತಂತಿಯಲ್ಲಿ ಸೇರಿಕೊಂಡ ಏಳು ಡಿಗ್ರಿ

ಹಾಲು ಕಾಯಿಸುವ ಘಟಕವೊಂದರಲ್ಲಿ ಪರೀಕ್ಷಾ ಥರ್ಮಾಮೀಟರ್ 72 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿದ್ದಾಗ ಕಂಟ್ರೋಲರ್ 79 ಎನ್ನುತ್ತಿತ್ತು. ಅಲ್ಲಿದ್ದುದು ಎರಡು ತಂತಿಯ ಪಿಟಿ-100 ಆರ್‌ಟಿಡಿ, ಅಂದರೆ ಉಷ್ಣ ಏರಿದಂತೆ ರೋಧ ಏರುವ ಪ್ಲಾಟಿನಂ ಸೆನ್ಸರ್. ಪ್ಯಾನೆಲ್‌ಗೆ 40 ಮೀಟರ್ ದೂರ, 0.5 ಚದರ ಮಿ.ಮೀ. ತಾಮ್ರದ ತಂತಿ.

ಸೆನ್ಸರ್‌ನ ತಲೆಯಲ್ಲಿ ಎರಡೂ ತಂತಿಗಳನ್ನು ಬಿಚ್ಚಿ ಒಂದಕ್ಕೊಂದು ಜೋಡಿಸಿ, ಪ್ಯಾನೆಲ್ ಕಡೆಯನ್ನೂ ಕಳಚಿ ಅಳೆದಾಗ ಮೀಟರ್ ಸುಮಾರು 2.7 ಓಮ್ ತೋರಿಸಿತು. ಪಿಟಿ-100ರ ರೋಧ ಡಿಗ್ರಿಗೆ ಸುಮಾರು 0.38 ಓಮ್‌ನಷ್ಟೇ ಏರುವುದರಿಂದ, ಈ ತಂತಿಯ ರೋಧವನ್ನು ಕಂಟ್ರೋಲರ್ ಏಳು ಡಿಗ್ರಿ ಹೆಚ್ಚುವರಿ ಉಷ್ಣವೆಂದೇ ಓದುತ್ತಿತ್ತು. ಅಂದರೆ ಹಾಲು ಸಾಕಷ್ಟು ಕಾಯುವ ಮೊದಲೇ ಹಬೆ ನಿಲ್ಲುವ ಅಪಾಯವಿತ್ತು.

ಎರಡು ಬೇರೆ ಲೋಹದ ತಂತಿಗಳನ್ನು ಬೆಸೆದ ಕೆ-ಟೈಪ್ ಥರ್ಮೋಕಪಲ್ ಹಾಕಿದರೆ ತಂತಿಯ ರೋಧದ ಕಾಟವಿಲ್ಲವೆಂಬ ಸಲಹೆ ಬಂತು. ಅದು ನಿಜ, ಏಕೆಂದರೆ ಕಂಟ್ರೋಲರ್ ಅದರಿಂದ ಬಹುತೇಕ ಕರೆಂಟ್ ಎಳೆಯದೆ ಮಿಲಿವೋಲ್ಟ್ ಮಾತ್ರ ಅಳೆಯುತ್ತದೆ. ಆದರೆ ಥರ್ಮೋಕಪಲ್ ತೋರಿಸುವುದು ಎರಡು ತುದಿಗಳ ಉಷ್ಣದ ವ್ಯತ್ಯಾಸವನ್ನು. ಕಂಟ್ರೋಲರ್ ತನ್ನ ಟರ್ಮಿನಲ್‌ನ ಉಷ್ಣವನ್ನು ಅಳೆದು ಅದಕ್ಕೆ ಸೇರಿಸುವುದೇ ಕೋಲ್ಡ್ ಜಂಕ್ಷನ್ ಕಾಂಪೆನ್ಸೇಶನ್. ಅಲ್ಲಿದ್ದ ತಾಮ್ರದ ತಂತಿಯನ್ನೇ ಉಳಿಸಿಕೊಂಡರೆ ಕೋಲ್ಡ್ ಜಂಕ್ಷನ್, ಅಂದರೆ ಥರ್ಮೋಕಪಲ್‌ನ ತಂತಿ ಮುಗಿಯುವ ತುದಿ, ಸೆನ್ಸರ್‌ನ ತಲೆಗೆ ಸರಿಯುತ್ತದೆ. ತಲೆ 45, ಪ್ಯಾನೆಲ್ 30 ಡಿಗ್ರಿ ಇದ್ದರೆ ಸುಮಾರು 15 ಡಿಗ್ರಿ ಕಡಿಮೆ ಕಾಣುತ್ತದೆ. ಕೆ-ಟೈಪ್‌ನದೇ ಕೇಬಲ್ ಎಳೆದರೂ ಸಾಮಾನ್ಯ ದರ್ಜೆಯ ಸೆನ್ಸರ್‌ನಲ್ಲಿ ಎರಡೂವರೆ ಡಿಗ್ರಿ ಆಚೀಚೆಯಾಗಬಹುದು. ಕುಲುಮೆಗೆ ಅದು ಸರಿ, ಹಾಲಿಗಲ್ಲ.

ಆದ್ದರಿಂದ ಆರ್‌ಟಿಡಿಯನ್ನೇ ಉಳಿಸಿ, ಒಂದೇ ಕೇಬಲ್‌ನ ಮೂರು ತಂತಿಗಳನ್ನು ಸೆನ್ಸರ್‌ನ ತಲೆಯವರೆಗೂ ಎಳೆದು, ಕಂಟ್ರೋಲರ್‌ನಲ್ಲಿ ಮೂರು ತಂತಿಯ ಜೋಡಣೆಯನ್ನು ಆರಿಸಿದೆ. ಮೂರನೆಯ ತಂತಿಯ ನೆರವಿನಿಂದ ಕಂಟ್ರೋಲರ್ ತಂತಿಯ ರೋಧವನ್ನು ಲೆಕ್ಕಹಾಕಿ ಕಳೆಯುತ್ತದೆ. ಮೂರೂ ತಂತಿಗಳ ರೋಧ ಸಮವಾಗಿದ್ದರೆ ಮಾತ್ರ ಲೆಕ್ಕ ಸರಿಹೋಗುವುದರಿಂದ ತುಕ್ಕು ಹಿಡಿದ ಒಂದು ಸ್ಕ್ರೂವನ್ನೂ ಬದಲಿಸಬೇಕಾಯಿತು. ಈಗ ಎರಡು ಓದುಗಳ ನಡುವೆ ಅರ್ಧ ಡಿಗ್ರಿಯೊಳಗಿನ ಅಂತರವಿದೆ.